ಹಳೆ ವಿದ್ಯಾರ್ಥಿಯೊಬ್ಬರು ಲ್ಯಾಬಿಗೆ 40 ಕೀಬೋರ್ಡ್ ಕೊಡ್ತೇನೆ ಅಂತ ಕಾಗದ ಬರೆದಿದ್ದಾರೆ, ಎಂತ ಉತ್ತರ ಕೊಡುವುದು?

ಲ್ಯಾಬ್_ಟೀಚರ್ (ಮಂಜೇಶ್ವರ ತಾಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಕನ್ನಡ ಮಾಧ್ಯಮ ಇರುವ ಅನುದಾನಿತ ಹೈಸ್ಕೂಲು, ಕಂಪ್ಯೂಟರ್ ಲ್ಯಾಬಿನ ಜವಾಬ್ದಾರಿ ನನ್ನದು. ಮೊನ್ನೆ ಹೆಡ್ಮಾಷ್ಟ್ರಿಗೆ ಒಂದು ಕಾಗದ ಬಂತು. ಹೆಸರು ಬಿಟ್ಟು ಉಳಿದದ್ದನ್ನು ಇಲ್ಲಿ ಹಾಕ್ತೇನೆ:

"ಮಾನ್ಯ ಮುಖ್ಯೋಪಾಧ್ಯಾಯರಿಗೆ, ನಾನು 2006ರಲ್ಲಿ ನಮ್ಮ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದವನು. ಈಗ ಬೆಂಗಳೂರಿನ ಒಂದು ಕಂಪೆನಿಯಲ್ಲಿ ಕೆಲಸ. ನಮ್ಮ ಕಚೇರಿಯಲ್ಲಿ ಡೆಸ್ಕ್‌ಟಾಪ್ ತೆಗೆದು ಎಲ್ಲರಿಗೂ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ, 40 ಕೀಬೋರ್ಡುಗಳು ಉಳಿದಿವೆ. ಬಳಸಿದವು, ಆದರೆ ಎಲ್ಲವೂ ಕೆಲಸ ಮಾಡುತ್ತವೆ. ನಾವು ಕಲಿಯುವಾಗ ಒಂದು ಕಂಪ್ಯೂಟರಿಗೆ ಐದಾರು ಮಂದಿ ಇದ್ದೆವು. ಶಾಲೆಗೆ ಬೇಕಿದ್ದರೆ ನನ್ನ ಖರ್ಚಿನಲ್ಲೇ ಕಳುಹಿಸುತ್ತೇನೆ. ಈ ತಿಂಗಳ ಕೊನೆಗೆ ಸ್ಟೋರ್ ರೂಮ್ ಖಾಲಿ ಮಾಡಬೇಕಾಗಿದೆ, ಅಷ್ಟರೊಳಗೆ ತಿಳಿಸಿದರೆ ಉಪಕಾರ."

ಹೆಡ್ಮಾಷ್ಟ್ರು "ಕೂಡಲೇ ಹೂಂ ಅನ್ನಿ" ಅಂತಾರೆ. ಸ್ಟಾಫ್ ರೂಮಿನಲ್ಲಿ ಇನ್ನೊಬ್ಬರು "ಬೆಂಗಳೂರಿನ ಗುಜರಿ ನಮಗೆ ಯಾಕೆ" ಅಂತಾರೆ. ನಮ್ಮಲ್ಲಿ ಇರುವುದು ಕೇರಳ ಸರಕಾರದ ಕೈಟ್‌ನಿಂದ ಬಂದ 14 ಲ್ಯಾಪ್‌ಟಾಪ್, ಮತ್ತೆ ಹಳೆಯ ಡೆಸ್ಕ್‌ಟಾಪ್ 4. ಲ್ಯಾಪ್‌ಟಾಪ್‌ಗಳಲ್ಲಿ 9ರ ಕೀಬೋರ್ಡಿನಲ್ಲಿ ಒಂದೋ ಎರಡೋ ಕೀ ಸತ್ತಿದೆ. ಹಾಗಾಗಿ ನಮಗೆ ಬೇಕಂತೂ ಉಂಟು. ಆದರೆ 40 ಬೇಕಾ, ಎಂತದನ್ನು ಕೇಳಿ ತಿಳಿದುಕೊಂಡು ಒಪ್ಪಬೇಕು, ಗೊತ್ತಿರುವವರು ಹೇಳಿ.

ಪಡ್ರೆ_ಹುಡುಗ

ಇದರಲ್ಲಿ ಕೇಳ್ಲಿಕ್ಕೆ ಎಂತ ಉಂಟು ಟೀಚರ್? ಕೊಡ್ತೇನೆ ಅಂದವರ ಹತ್ರ ತಗೊಳ್ಳುವುದು. 40ರಲ್ಲಿ 10 ಹಾಳಾದರೂ 30 ಉಳೀತದೆ.

ಕುಂಬ್ಳೆ_ರಿಪೇರಿ

ಹಾಳಾದ ಹತ್ತನ್ನು ಎಲ್ಲಿ ಇಡುವುದು ಅಂತ ಅವರಿಗೇ ಗೊತ್ತು. ಅದು ಇರಲಿ.

ಟೀಚರ್, ಮೊದಲು ಕೇಳಬೇಕಾದ್ದು ವಯರಿನ ತುದಿ. ಡೆಸ್ಕ್‌ಟಾಪ್ ಕಾಲದ ಸಾಮಾನು ಅಂದರೆ ಎರಡು ಜಾತಿ ಮಿಶ್ರವಾಗಿ ಇರ್ತದೆ. ಒಂದು ಚಪ್ಪಟೆ ಯು.ಎಸ್.ಬಿ. ಪಿನ್, ಇನ್ನೊಂದು ನೇರಳೆ ಬಣ್ಣದ ಉರುಟು ಪಿನ್, ಒಳಗೆ 6 ಕಡ್ಡಿ, ಅದು ಪಿ.ಎಸ್.2. ಲ್ಯಾಪ್‌ಟಾಪಿಗೆ ಉರುಟು ಪಿನ್ ಹಾಕಲು ಜಾಗವೇ ಇಲ್ಲ. ನಿಮ್ಮ 4 ಡೆಸ್ಕ್‌ಟಾಪಿನ ಹಿಂದೆ ನೇರಳೆ ತೂತು ಉಂಟಾ ನೋಡಿ. ಇದ್ದರೆ ಉರುಟು ಪಿನ್ನಿನದ್ದು ನಾಲ್ಕೋ ಐದೋ ಸಾಕು, ಉಳಿದದ್ದೆಲ್ಲ ಯು.ಎಸ್.ಬಿ.ಯೇ ಬೇಕು. ಅವರ ಹತ್ರ ಎಷ್ಟೆಷ್ಟು ಉಂಟು ಅಂತ ಫೋಟೊ ಸಮೇತ ಕೇಳಿ.

ಪಡ್ರೆ_ಹುಡುಗ

ಅದಕ್ಕೆ ಅಡಾಪ್ಟರ್ ಸಿಗ್ತದಲ್ಲ ಅಣ್ಣ. ಸಣ್ಣ ನೇರಳೆ ಬಣ್ಣದ್ದು, ಆನ್‌ಲೈನಲ್ಲಿ ಚಿಲ್ಲರೆ ದುಡ್ಡಿಗೆ ಸಿಗ್ತದೆ. ಎಲ್ಲವನ್ನೂ ಯು.ಎಸ್.ಬಿ. ಮಾಡಬಹುದು.

ಕುಂಬ್ಳೆ_ರಿಪೇರಿ

ನೀನು ಹೇಳುವ ಅಡಾಪ್ಟರ್ ಇರುವುದು ಹೌದು, ಆದರೆ ಅದು ಉಲ್ಟಾ ಕೆಲಸಕ್ಕೆ. ಯು.ಎಸ್.ಬಿ. ಕೀಬೋರ್ಡನ್ನು ಹಳೆ ಕಂಪ್ಯೂಟರಿನ ನೇರಳೆ ತೂತಿಗೆ ಹಾಕಲಿಕ್ಕೆ. ಅದು ಕೂಡ ಎರಡೂ ಭಾಷೆ ಬರುವ ಕೀಬೋರ್ಡಿಗೆ ಮಾತ್ರ, ಯಾಕಂದರೆ ಅಡಾಪ್ಟರಿನ ಒಳಗೆ ಬರೀ ವಯರು, ಬೇರೆ ಎಂತದೂ ಇಲ್ಲ. ಉರುಟು ಪಿನ್ನಿನ ಕೀಬೋರ್ಡನ್ನು ಲ್ಯಾಪ್‌ಟಾಪಿಗೆ ಹಾಕಬೇಕಾದರೆ ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು. ಒಂದೊಂದಕ್ಕೆ ಅದಕ್ಕೆ ಕೊಡುವ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸ ಕೀಬೋರ್ಡೇ ಬರ್ತದೆ.

ಇನ್ನೊಂದು. ಉರುಟು ಪಿನ್ನನ್ನು ಕಂಪ್ಯೂಟರ್ ಆನ್ ಇರುವಾಗ ಹಾಕಬೇಡಿ, ತೆಗೆಯಬೇಡಿ. ಆಫ್ ಮಾಡಿ ಹಾಕಿ ಆನ್ ಮಾಡಿ. ಆನ್ ಇರುವಾಗ ಹಾಕಿದರೆ ಹೆಚ್ಚಾಗಿ ಅದು ಕಾಣುವುದೇ ಇಲ್ಲ, ಮಕ್ಕಳು "ಹಾಳಾಗಿದೆ" ಅಂತ ಮೂಲೆಗೆ ಇಡ್ತಾರೆ. ನನ್ನ ಅಂಗಡಿಗೆ ಹಾಗೆ ಬಂದ ಒಳ್ಳೆಯ ಕೀಬೋರ್ಡ್ ಎಷ್ಟೋ.

ಪಡ್ರೆ_ಹುಡುಗ

ನಮ್ಮ ಮನೆಯಲ್ಲಿ ಅಡಾಪ್ಟರ್ ಹಾಕಿ ನಡೀತಾ ಇತ್ತು ಅಂತ ನೆನಪು. ಇರಲಿ.

ಮುಳ್ಳೇರಿಯ_ಪಿಟಿಎ

ನಮ್ಮ ಶಾಲೆಗೂ ಕೊಡಬಹುದಾ ಕೇಳಿ ಟೀಚರ್, ಉಳಿದರೆ. ನಮ್ಮಲ್ಲಿ ಕೀಬೋರ್ಡಿಗಿಂತ ಮೌಸ್‌ನದ್ದೇ ತೊಂದರೆ. ಮೌಸ್ ಉಂಟಾ ಅವರ ಹತ್ರ?

ಡಿಟಿಪಿ_ಅಕ್ಕ (ಕಾಸರಗೋಡು)

ನಾನು ಪ್ರೆಸ್ಸಿನಲ್ಲಿ ದಿನವಿಡೀ ಕನ್ನಡ ಟೈಪ್ ಮಾಡುವವಳು. ಪಿನ್ನಿನ ವಿಷಯ ಆಯ್ತು. ನನಗೆ ಆ ಕಾಗದದಲ್ಲಿ "ಎಲ್ಲವೂ ಕೆಲಸ ಮಾಡುತ್ತವೆ" ಅನ್ನುವ ಮಾತಿನ ಮೇಲೆ ಕಣ್ಣು ಹೋಯಿತು. ಅವರು ಸುಳ್ಳು ಹೇಳ್ತಿಲ್ಲ, ಅವರ ಕೆಲಸಕ್ಕೆ ಅದು ಕೆಲಸ ಮಾಡಿದೆ. ಆದರೆ ಅವರ ಕೆಲಸ ಇಂಗ್ಲಿಷಿನದ್ದು.

ಟೀಚರ್, ನಿಮ್ಮ ಮಕ್ಕಳು ಟೈಪ್ ಮಾಡುವುದು ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ತಾನೇ? ಹಾಗಾದರೆ ಕೀಬೋರ್ಡಿನ ಬಲಗಡೆ ತುದಿಯನ್ನು ನೋಡಿ. ಇಂಗ್ಲಿಷಿನವರಿಗೆ ; ಅಂದರೆ ಅಪರೂಪದ ಚಿಹ್ನೆ, ನಮಗೆ ಅಲ್ಲಿ ಚ. ' ಇರುವಲ್ಲಿ ಟ. [ ಇರುವಲ್ಲಿ ಡ. / ಇರುವಲ್ಲಿ ಯ. ಎಡಗಡೆ ಮೇಲಿನ ಮೂಲೆಯಲ್ಲಿ 1ರ ಪಕ್ಕದ ` ಕೀಯನ್ನು ಕಚೇರಿಯಲ್ಲಿ ವರ್ಷಕ್ಕೊಮ್ಮೆ ಯಾರಾದರೂ ಒತ್ತಿದರೆ ಹೆಚ್ಚು, ನಮಗೆ ಅದು ಒಕಾರದ ಗುರುತು, ಅದಿಲ್ಲದಿದ್ದರೆ "ಕೊಡು" ಅಂತ ಬರೆಯಲಿಕ್ಕಾಗುವುದಿಲ್ಲ. ಕಚೇರಿಯಲ್ಲಿ ಆ ಕೀ ಸತ್ತು ಎಷ್ಟು ಕಾಲ ಆಗಿದ್ದರೂ ಯಾರಿಗೂ ಗೊತ್ತಾಗಿರುವುದಿಲ್ಲ. ನಿಮ್ಮ ಎಂಟನೇ ಕ್ಲಾಸಿನ ಹುಡುಗಿಗೆ ಮೊದಲ ಸಾಲಿನಲ್ಲೇ ಗೊತ್ತಾಗ್ತದೆ.

ಹಾಗಾಗಿ ಅವರಿಗೆ "ಎ ಇಂದ ಝಡ್ ವರೆಗೆ ನೋಡಿ" ಅಂತ ಬರೆಯಬೇಡಿ. ಆ ಐದು ಕೀ ಮತ್ತು ಎರಡೂ ಕಡೆಯ ಶಿಫ್ಟ್ ಒತ್ತಿ ನೋಡಲು ಹೇಳಿ.

ಉಪ್ಪಳ_ಗಲ್ಫ್

ಇದೇ ಚರ್ಚೆಯಲ್ಲಿ ನಂದೊಂದು ಕೇಳಲಾ? ನಾನು ದುಬಾಯಿಯಿಂದ ಬರುವಾಗ ಒಂದು ಕೀಬೋರ್ಡ್ ತಂದಿದ್ದೆ, ಕೀಗಳ ಮೇಲೆ ಅರಬಿ ಅಕ್ಷರ ಪ್ರಿಂಟ್ ಆಗಿದೆ. ಮಗಳು ಕನ್ನಡ ಮೀಡಿಯಂ, ಅದರಲ್ಲಿ ಕನ್ನಡ ಬರಲಿಕ್ಕಿಲ್ಲ ಅಂತ ಕಪಾಟಿನಲ್ಲೇ ಇಟ್ಟಿದ್ದೇನೆ. ಬೆಂಗಳೂರಿನ ಕೀಬೋರ್ಡಿನಲ್ಲಿ ಕನ್ನಡ ಅಕ್ಷರ ಪ್ರಿಂಟ್ ಇರ್ತದಾ?

ಕುಂಬ್ಳೆ_ರಿಪೇರಿ

ಭಾಯ್, ಕಪಾಟಿನಿಂದ ತೆಗೆಯಿರಿ. ಮೇಲೆ ಎಂತ ಪ್ರಿಂಟ್ ಉಂಟು ಅಂತ ಕೀಬೋರ್ಡಿಗೆ ಗೊತ್ತೇ ಇಲ್ಲ. ಎರಡನೇ ಸಾಲಿನ ಇಷ್ಟನೇ ಕೀ ಒತ್ತಿದರು ಅಂತ ಮಾತ್ರ ಅದು ಕಂಪ್ಯೂಟರಿಗೆ ಹೇಳುವುದು. ಅದಕ್ಕೆ ಕ ಬರೆಯಬೇಕೋ ಕೆ ಬರೆಯಬೇಕೋ ಅಂತ ನಿರ್ಧಾರ ಮಾಡುವುದು ಕಂಪ್ಯೂಟರಿನಲ್ಲಿ ನೀವು ಆರಿಸಿದ ಭಾಷೆ. ಅರಬಿ ಪ್ರಿಂಟಿನ ಮೇಲೆ ಕನ್ನಡ ಆರಾಮಾಗಿ ಬರ್ತದೆ.

ಉಪ್ಪಳ_ಗಲ್ಫ್

ಹೌದಾ! ಇಷ್ಟು ದಿನ ಸುಮ್ಮನೆ ಇಟ್ಟೆನಲ್ಲ. ಸಂಜೆ ಹಾಕಿ ನೋಡ್ತೇನೆ.

ಬೆಂಗಳೂರು_ಬದಿಯಡ್ಕ

ಊರು ಬದಿಯಡ್ಕ, ಇರುವುದು ಬೆಂಗಳೂರು. ಇಲ್ಲಿ ನಾವೆಲ್ಲ ನುಡಿ ತಂತ್ರಾಂಶದಲ್ಲಿ ಕ.ಗ.ಪ. ವಿನ್ಯಾಸದಲ್ಲಿ ಟೈಪ್ ಮಾಡುವುದು. ಅದರಲ್ಲಿ ಕೆ ಒತ್ತಿದರೆ ಕ, ವೈ ಒತ್ತಿದರೆ ಯ. ಟ, ಡ ಕೂಡ ಕ್ಯೂ ಮತ್ತು ಡಬ್ಲ್ಯು ಕೀಗಳಲ್ಲಿ ಬರ್ತದೆ, ಚಿಹ್ನೆಯ ಕೀಗಳ ಹಂಗೇ ಇಲ್ಲ. ಕೇರಳದ ಮಕ್ಕಳಿಗೂ ಅದನ್ನೇ ಕಲಿಸಿದರೆ ಡಿಟಿಪಿ ಅಕ್ಕ ಹೇಳಿದ ತೊಂದರೆ ಬರುವುದಿಲ್ಲವಲ್ಲ?

ಲ್ಯಾಬ್_ಟೀಚರ್

ಸರ್, ನಮ್ಮ ಲ್ಯಾಬಿನ ಉಬುಂಟುವಿನಲ್ಲಿ ಆ ವಿನ್ಯಾಸವನ್ನೂ ಹಾಕಬಹುದು, ಉಂಟು. ಆದರೆ ಮಕ್ಕಳು ಕಲಿಯುತ್ತಿರುವುದು ಇನ್‌ಸ್ಕ್ರಿಪ್ಟ್. ಪಕ್ಕದ ಡಿವಿಜನಿನ ಮಕ್ಕಳು ಮಲಯಾಳವನ್ನು ಅದರಲ್ಲೇ ಟೈಪ್ ಮಾಡ್ತಾರೆ, ಕ ಎರಡು ಭಾಷೆಗೂ ಒಂದೇ ಕೀಯಲ್ಲಿ. ಒಬ್ಬರಿಗೊಬ್ಬರು ಹೇಳಿಕೊಡ್ತಾರೆ. ಅದನ್ನು ನಡುವೆ ಬದಲಿಸುವ ಮನಸ್ಸು ನನಗಿಲ್ಲ.

ಬೆಂಗಳೂರು_ಬದಿಯಡ್ಕ

ಸರಿ. ಆದರೂ ಕಾಲೇಜಿಗೆ ಮಂಗಳೂರಿಗೆ ಹೋದ ಮೇಲೆ ಅವರು ಮತ್ತೆ ಹೊಸದಾಗಿ ಕಲಿಯಬೇಕಲ್ಲ ಅಂತ ನನ್ನ ಚಿಂತೆ.

ಡಿಟಿಪಿ_ಅಕ್ಕ (ಕಾಸರಗೋಡು)

ನಾನು ಎರಡೂ ಕಲಿತಿದ್ದೇನೆ, ಕೈಗೆ ಅಭ್ಯಾಸ ಆಗ್ತದೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು, ಅದು ಎಂದಿಗೂ ಮುಗಿಯುವುದಲ್ಲ.

ನೀರ್ಚಾಲು_ಲಿನಕ್ಸ್

ಟೀಚರ್, ಪರೀಕ್ಷೆ ಮಾಡಲಿಕ್ಕೆ ಒಂದು ಸುಲಭ ದಾರಿ. ಲ್ಯಾಬಿನ ಯಾವುದಾದರೂ ಒಂದು ಕಂಪ್ಯೂಟರಿನಲ್ಲಿ ಇದನ್ನು ಓಡಿಸಿ:

```
sudo apt install evtest
sudo evtest
```

ಪಟ್ಟಿ ಬರ್ತದೆ, ಅದರಲ್ಲಿ ನಿಮ್ಮ ಯು.ಎಸ್.ಬಿ. ಕೀಬೋರ್ಡಿನ ನಂಬರ್ ಕೊಡಿ. ಆಮೇಲೆ ಒಂದೊಂದೇ ಕೀ ಒತ್ತುತ್ತಾ ಹೋಗಿ. ` ಒತ್ತಿದಾಗ `KEY_GRAVE` ಅಂತ ಬರಬೇಕು. ಸಾಲಿನ ಕೊನೆಯಲ್ಲಿ `value 1` ಅಂದರೆ ಒತ್ತಿದ್ದು, `value 0` ಅಂದರೆ ಬಿಟ್ಟದ್ದು. ಒತ್ತಿದಾಗ ಏನೂ ಬಾರದಿದ್ದರೆ ಆ ಕೀ ಸತ್ತಿದೆ. ನೀವು ಬೆರಳು ತೆಗೆದ ಮೇಲೂ `value 2` ಸುರಿಯುತ್ತಲೇ ಇದ್ದರೆ ಕೀ ಅಂಟಿಕೊಂಡಿದೆ ಅಂತ ಅರ್ಥ. ಭಾಷೆ ಯಾವುದು ಆರಿಸಿದ್ದೀರಿ ಅಂತ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ತಪ್ಪು ಕೀಬೋರ್ಡಿನದ್ದೋ ಸೆಟ್ಟಿಂಗಿನದ್ದೋ ಅನ್ನುವ ಗೊಂದಲ ಇಲ್ಲ.

ಡಿಟಿಪಿ_ಅಕ್ಕ (ಕಾಸರಗೋಡು)

ಮಕ್ಕಳ ಕೈಯಲ್ಲಿ ಮಾಡಿಸುವುದಾದರೆ ಅಷ್ಟೆಲ್ಲ ಬೇಡ. ಇನ್‌ಸ್ಕ್ರಿಪ್ಟ್ ಹಾಕಿ ಈ ಎರಡು ಸಾಲು ಟೈಪ್ ಮಾಡಲಿ:

"ಚಟ್ನಿ ಡಬ್ಬಿಯನ್ನು ಯಾರು ಕೊಟ್ಟದ್ದು. ಢಕ್ಕೆಬಲಿಯ ಛಾಯಾಚಿತ್ರಗಳಿಗೆ ಠಸ್ಸೆ ಹಾಕಿದ ಭಾಷೆ."

ಮೊದಲ ಸಾಲಿನಲ್ಲಿ ನಾನು ಹೇಳಿದ ಐದೂ ಕೀ ಬರ್ತದೆ. ಎರಡನೆಯದರಲ್ಲಿ ಅವೇ ಕೀಗಳಲ್ಲಿ ಮೂರು ಶಿಫ್ಟ್ ಜೊತೆಗೆ: ಢ, ಛ, ಠ. ಷ ಇರುವುದು ಕಾಮಾದ ಮೇಲೆ, ಅದೂ ಬಂತು. ಯಾವ ಅಕ್ಷರ ಹಾರಿಹೋಗ್ತದೋ ಅದರ ಕೀ ಹೋಗಿದೆ.

ಲ್ಯಾಬ್_ಟೀಚರ್

ಇವತ್ತು ಬಿಡುವಿನಲ್ಲಿ ಎರಡನ್ನೂ ಮಾಡಿ ನೋಡಿದೆ, ನಮ್ಮದೇ ಡೆಸ್ಕ್‌ಟಾಪಿನ ಒಂದು ಯು.ಎಸ್.ಬಿ. ಕೀಬೋರ್ಡಿನಲ್ಲಿ. ನಾವೆಲ್ಲ ಸರಿ ಇದೆ ಅಂತ ತಿಳಿದಿದ್ದ ಕೀಬೋರ್ಡ್ ಅದು. ಅಕ್ಕನ ಸಾಲು "ಟ್ನಿ ಡಬ್ಬಿಯನ್ನು" ಅಂತ ಬಂತು, ಚ ಇಲ್ಲ. `evtest` ಓಡಿಸಿ ನೋಡಿದರೆ ; ಕೀಗೆ ಒಂದು ಸಾಲೂ ಇಲ್ಲ. ಅದರ ಜೊತೆಗೆ ಮೇಲಿನ 9 ಮತ್ತು ಎಫ್8 ಕೂಡ ಸತ್ತಿದೆ. ಮೂರೂ ಒಂದಕ್ಕೊಂದು ಅಂಟಿಕೊಂಡು ಇರುವುದಲ್ಲ. ಹೀಗೆ ದೂರ ದೂರದ ಕೀಗಳು ಒಟ್ಟಿಗೆ ಹೋಗುವುದು ಯಾಕೆ?

ಕುಂಬ್ಳೆ_ರಿಪೇರಿ

ಒಳ್ಳೆ ಪ್ರಶ್ನೆ. ಕೀಬೋರ್ಡ್ ಬಿಚ್ಚಿದರೆ ಒಳಗೆ ರಬ್ಬರಿನ ಗುಳ್ಳೆಗಳ ಹಾಸು, ಅದರ ಕೆಳಗೆ ಮೂರು ಪದರದ ಪ್ಲಾಸ್ಟಿಕ್ ಹಾಳೆ. ಮೇಲಿನ ಹಾಳೆಯಲ್ಲೂ ಕೆಳಗಿನದರಲ್ಲೂ ಬೆಳ್ಳಿ ಬಣ್ಣದ ಗೆರೆ ಓಡ್ತದೆ, ನಡುವಿನದರಲ್ಲಿ ಬರೀ ತೂತು. ಕೀ ಒತ್ತಿದಾಗ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಗೆ ತಾಗ್ತದೆ, ಅಷ್ಟೆ. ಪ್ರತಿ ಕೀಗೂ ಬೇರೆ ವಯರು ಇಲ್ಲ. ಒಂದೇ ಗೆರೆ ಸುತ್ತಿ ಬಳಸಿ ಐದಾರು ಕೀಗಳ ಕೆಳಗೆ ಹೋಗ್ತದೆ. ಎಲ್ಲಿಂದ ಎಲ್ಲಿಗೆ ಅಂತ ಕಂಪೆನಿಯಿಂದ ಕಂಪೆನಿಗೆ ಬೇರೆ. ಗೆರೆ ನಡುವೆ ಕಡಿದರೆ ಕಡಿದ ಜಾಗದಿಂದ ಆಚೆ ಇರುವ ಕೀಗಳೆಲ್ಲ ಒಟ್ಟಿಗೆ ಸಾಯ್ತವೆ.

ಇದರಿಂದ ಒಂದು ಪತ್ತೆ ಮಾಡಬಹುದು. ಒಂದೇ ಒಂದು ಕೀ ಸತ್ತಿದ್ದರೆ ಹೆಚ್ಚಾಗಿ ಅದರ ಕೆಳಗೆ ಕಸ, ಬಿಸ್ಕತ್ತಿನ ಪುಡಿ, ಅಥವಾ ರಬ್ಬರ್ ಗುಳ್ಳೆ ಹರಿದಿರುವುದು. ಅದನ್ನು ಸರಿ ಮಾಡಬಹುದು. ದೂರ ದೂರದ ಎರಡು ಮೂರು ಒಟ್ಟಿಗೆ ಹೋಗಿದ್ದರೆ ಯಾವತ್ತೋ ಚಾ ಚೆಲ್ಲಿದೆ, ಗೆರೆ ಕಪ್ಪಾಗಿ ತಿಂದುಹೋಗಿದೆ. ಬೆಳ್ಳಿ ಬಣ್ಣದ ಕರೆಂಟ್ ಹಾಯುವ ಪೇಂಟ್ ಹಚ್ಚಿ ನಾನು ಸರಿ ಮಾಡಿದ್ದುಂಟು, ನಮ್ಮ ಮಳೆಗಾಲದಲ್ಲಿ ಬಾಳುವುದಿಲ್ಲ. ಅಂಥದ್ದನ್ನು ದಾನವಾಗಿ ತಗೊಳ್ಳಲೇಬೇಡಿ.

ಲ್ಯಾಬ್_ಟೀಚರ್

ಮಕ್ಕಳಿಗೆ ಇದನ್ನು ಬಿಚ್ಚಿ ತೋರಿಸ್ತೇನೆ ನಾಳೆ. ಹೇಗೂ ಈ ಕೀಬೋರ್ಡ್ ಹೋಯಿತು.

ನಿವೃತ್ತ_ಮಾಷ್ಟ್ರು

ನಾನು ಈ ಯಂತ್ರದ ವಿಷಯ ಬಲ್ಲವನಲ್ಲ. ಆದರೆ ಓದುತ್ತಾ ಮನಸ್ಸಿಗೆ ಸ್ವಲ್ಪ ಕಸಿವಿಸಿ ಆಯ್ತು. ಊರು ಬಿಟ್ಟು ಇಷ್ಟು ವರ್ಷವಾದ ಮೇಲೆ ಒಬ್ಬ ಹುಡುಗ ಶಾಲೆಯನ್ನು ನೆನೆದು ಕನ್ನಡದಲ್ಲಿ ಕಾಗದ ಬರೆದಿದ್ದಾನೆ. ಅವನಿಗೆ ನಾವು ಪಿನ್ ಯಾವುದು, ಈ ಕೀ ಒತ್ತು, ಆ ಕೀ ಒತ್ತು ಅಂತ ಪ್ರಶ್ನೆಪತ್ರಿಕೆ ಕಳುಹಿಸಿದರೆ ಮುಂದೆ ಏನಾದರೂ ಕೊಡುವ ಮನಸ್ಸು ಮಾಡಿಯಾನೇ? ಎಲ್ಲವನ್ನೂ ತರಿಸಿ, ಒಳ್ಳೆಯದನ್ನು ಇಟ್ಟುಕೊಂಡು, ಉಳಿದದ್ದನ್ನು ಸದ್ದಿಲ್ಲದೆ ವಿಲೇವಾರಿ ಮಾಡಬಹುದಲ್ಲ.

ಮುಳ್ಳೇರಿಯ_ಪಿಟಿಎ

ಮಾಷ್ಟ್ರೆ, ಸದ್ದಿಲ್ಲದೆ ವಿಲೇವಾರಿ ಆಗುವುದಿಲ್ಲ, ಅದೇ ಕಷ್ಟ. ನಮ್ಮ ಶಾಲೆಯಲ್ಲಿ ಒಮ್ಮೆ ಒಬ್ಬರು ಹಳೆ ಮಾನಿಟರ್ ಕೊಟ್ಟರು. ತಗೊಂಡು ಸ್ಟಾಕ್ ರಿಜಿಸ್ಟರಿನಲ್ಲಿ ಬರೆದೆವು. ಬರೆದ ಮೇಲೆ ಅದು ಶಾಲೆಯ ಸೊತ್ತು, ಹಾಳಾಯ್ತು ಅಂತ ಗುಜರಿಯವನಿಗೆ ಕೊಡಲಿಕ್ಕಾಗುವುದಿಲ್ಲ. ಕ್ರಮಪ್ರಕಾರ ಪಟ್ಟಿಯಿಂದ ತೆಗೆದು ಇ-ತ್ಯಾಜ್ಯವಾಗಿ ಕೊಡಬೇಕು. ಅಷ್ಟು ದಿನ ಲ್ಯಾಬಿನ ಅರ್ಧ ಮೂಲೆ ಅದಕ್ಕೇ ಹೋಯಿತು. ಮಕ್ಕಳು ಕೂರುವ ಜಾಗ.

ಬೆಂಗಳೂರು_ಬದಿಯಡ್ಕ

ಕಂಪೆನಿಯ ಕಡೆಯಿಂದಲೂ ಒಂದು ವಿಷಯ ಉಂಟು. ಇ-ತ್ಯಾಜ್ಯದ 2022ರ ನಿಯಮ ಬಂದ ಮೇಲೆ ದೊಡ್ಡ ಕಂಪೆನಿಗಳು ಹಳೆ ಕಂಪ್ಯೂಟರ್ ಸಾಮಾನನ್ನು ನೋಂದಣಿಯಾದ ರೀಸೈಕ್ಲರಿಗೋ ರಿಪೇರಿ ಮಾಡುವವರಿಗೋ ಕೊಡಬೇಕು, ಸಿಕ್ಕಿದವರಿಗೆ ಕೊಡುವಂತಿಲ್ಲ. ಕೀಬೋರ್ಡ್ ಕೂಡ ಅದರಲ್ಲಿ ಬರ್ತದೆ. ಹಾಗಾಗಿ ಇವರು ಕೊಡುವುದೇ ಸರಿಯಾ ಅಂತ ನನಗೆ ಅನುಮಾನ.

ನೀರ್ಚಾಲು_ಲಿನಕ್ಸ್

ಅದು ತ್ಯಾಜ್ಯ ಅಂತ ತೀರ್ಮಾನ ಮಾಡಿದ ಸಾಮಾನಿಗೆ ಅಲ್ವಾ ಸರ್? ಕೆಲಸ ಮಾಡುವ ಕೀಬೋರ್ಡನ್ನು ಕೀಬೋರ್ಡಾಗಿಯೇ ಬಳಸಲಿಕ್ಕೆ ಕೊಟ್ಟರೆ ಅದು ತ್ಯಾಜ್ಯ ಹೇಗೆ ಆಗ್ತದೆ?

ಬೆಂಗಳೂರು_ಬದಿಯಡ್ಕ

ಕೆಲಸ ಮಾಡುವುದಕ್ಕೆ ಸರಿ. 40ರಲ್ಲಿ ಕೆಲಸ ಮಾಡದ ಹತ್ತು ಸೇರಿದ್ದರೆ? ಆ ಹತ್ತು ತ್ಯಾಜ್ಯವೇ. ಅದಕ್ಕೇ ಹೇಳುವುದು, ಅಲ್ಲೇ ಪರೀಕ್ಷೆ ಆಗಿ ಸತ್ತದ್ದು ಅಲ್ಲೇ ಉಳಿಯಬೇಕು. ಅವರ ಕಂಪೆನಿಗೆ ಅದನ್ನು ವಿಲೇವಾರಿ ಮಾಡುವ ದಾರಿ ಉಂಟು, ಶಾಲೆಗೆ ಅದು ಹೊರೆ. ಮತ್ತೆ ಕಂಪೆನಿಯ ಲೆಟರ್‌ಹೆಡ್ಡಿನಲ್ಲಿ "ಬಳಕೆಗಾಗಿ ಇಷ್ಟು ಕೀಬೋರ್ಡ್ ಕೊಟ್ಟಿದ್ದೇವೆ" ಅಂತ ಒಂದು ಪತ್ರ ತಗೊಳ್ಳಿ. ಆ ಹುಡುಗನಿಗೂ ಅದು ಒಳ್ಳೆಯದು, ನಾಳೆ ಸ್ಟೋರಿನ ಲೆಕ್ಕದಲ್ಲಿ 40 ಎಲ್ಲಿ ಹೋಯಿತು ಅಂತ ಯಾರಾದರೂ ಕೇಳಿದರೆ.

ನಿವೃತ್ತ_ಮಾಷ್ಟ್ರು

ಇದು ಒಪ್ಪುವ ಮಾತು. ಹಾಗಾದರೆ ಕೇಳುವ ರೀತಿಯಲ್ಲಿ ಕೇಳಿ, ಅಷ್ಟೇ ನನ್ನ ಬಿನ್ನಹ.

ಡಿಟಿಪಿ_ಅಕ್ಕ (ಕಾಸರಗೋಡು)

ಮಾಷ್ಟ್ರೆ, ಕೇಳಿದರೆ ಆತನಿಗೆ ಖುಷಿಯೇ ಆದೀತು. ತಾನು ಕೊಟ್ಟದ್ದು ಮೂಲೆಗೆ ಬೀಳದೆ ಮಕ್ಕಳ ಕೈಗೆ ಹೋಗ್ತದೆ ಅಂತ ಗೊತ್ತಾಗ್ತದಲ್ಲ.

ಇನ್ನೊಂದು ನೆನಪಾಯ್ತು. ಕೆಲವು ಕಂಪೆನಿಗಳಲ್ಲಿ ಇಂಗ್ಲೆಂಡಿನ ಮಾದರಿಯ ಕೀಬೋರ್ಡ್ ಇರ್ತದೆ. 3ರ ಮೇಲೆ ಪೌಂಡಿನ ಗುರುತು, ಎಂಟರ್ ಕೀ ದೊಡ್ಡದಾಗಿ ಎರಡು ಸಾಲಿಗೆ ಚಾಚಿಕೊಂಡು ಇದ್ದರೆ ಅದೇ. ಅಕ್ಷರಗಳೆಲ್ಲ ಇದ್ದಲ್ಲೇ ಇರ್ತವೆ, ಕನ್ನಡ ಬರ್ತದೆ. ಆದರೆ ಎಡಗಡೆಯ ಶಿಫ್ಟ್ ಗಿಡ್ಡ, ಅದರ ಮತ್ತು ಝಡ್ ನಡುವೆ ಇನ್ನೊಂದು ಕೀ ತುರುಕಿದ್ದಾರೆ. ನಮಗೆ ಎಡ ಶಿಫ್ಟ್ ಎಷ್ಟು ಬೇಕು ನೋಡಿ: ಳ ಬರಬೇಕಾದರೆ ಶಿಫ್ಟ್ ಹಿಡಿದು ಎನ್ ಒತ್ತಬೇಕು. "ಮಕ್ಕಳು", "ಮರಗಳು", "ಪುಸ್ತಕಗಳು", ಬಹುವಚನ ಬಂದಲ್ಲೆಲ್ಲ ಕಿರುಬೆರಳು ಅಲ್ಲಿಗೇ ಹೋಗ್ತದೆ. ಅಭ್ಯಾಸ ಇಲ್ಲದ ಮಗು ನಡುವಿನ ಕೀಯನ್ನು ಒತ್ತಿ, ಳ ಬದಲು ಲ ಬಂದು, "ಮಕ್ಕಲು" ಅಂತ ಆಗ್ತದೆ. ಬೇರೆ ಗತಿ ಇಲ್ಲದಿದ್ದರೆ ನಡೀತದೆ. ಆದರೆ ಒಂದೇ ಲ್ಯಾಬಿನಲ್ಲಿ ಎರಡು ಮಾದರಿ ಬೆರೆಸಬೇಡಿ, ಇವತ್ತು ಇಲ್ಲಿ ಕೂತ ಮಗು ನಾಳೆ ಅಲ್ಲಿ ಕೂರುವುದು.

ಪಡ್ರೆ_ಹುಡುಗ

ಅಷ್ಟು ಸಣ್ಣ ವಿಷಯಕ್ಕೆ ಒಳ್ಳೆ ಕೀಬೋರ್ಡ್ ಬೇಡ ಅನ್ನುವುದಾ ಅಕ್ಕ? ಮಕ್ಕಳು ಎರಡು ದಿನದಲ್ಲಿ ಹೊಂದಿಕೊಳ್ತಾರೆ. ಫೋನಿನಲ್ಲಿ ಎಂತೆಂತದ್ದಕ್ಕೋ ಹೊಂದಿಕೊಂಡಿಲ್ವಾ.

ಡಿಟಿಪಿ_ಅಕ್ಕ (ಕಾಸರಗೋಡು)

ವಾರಕ್ಕೆ ಎರಡೋ ಮೂರೋ ಪೀರಿಯಡ್ ಲ್ಯಾಬ್ ಸಿಗುವ ಮಕ್ಕಳವು, ದಿನಾ ಕೂರುವವರಲ್ಲ. ಐ.ಟಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸಮಯ ನೋಡಿಕೊಂಡು ಬರೆಯಬೇಕು. ಆಗ ಸಣ್ಣ ವಿಷಯ ಅಲ್ಲ.

ಪಡ್ರೆ_ಹುಡುಗ

ನನಗೆ ಒಪ್ಪಿಗೆ ಇಲ್ಲ, ಆದರೂ ಆಗಲಿ.

ಲ್ಯಾಬ್_ಟೀಚರ್

ಒಂದು ಪ್ರಶ್ನೆ ಉಳಿದಿದೆ. ಕೀ ಹಾಳಾದ 9 ಲ್ಯಾಪ್‌ಟಾಪ್‌ಗಳಲ್ಲಿ ಎಂಟಕ್ಕೆ ಹೊರಗಿನ ಕೀಬೋರ್ಡ್ ಹಾಕಿದರೆ ಮುಗಿಯಿತು. ಒಂದರಲ್ಲಿ ಮಾತ್ರ ಒಳಗಿನ ಸ್ಪೇಸ್ ಕೀ ಅಂಟಿಕೊಂಡಿದೆ. ಹೊರಗಿನದು ಹಾಕಿದರೂ ಖಾಲಿ ಜಾಗ ಓಡ್ತಾ ಇರ್ತದೆ. ಅದನ್ನು ಏನು ಮಾಡುವುದು?

ನೀರ್ಚಾಲು_ಲಿನಕ್ಸ್

ಒಳಗಿನದನ್ನು ಮಲಗಿಸಬಹುದು. ಲಾಗಿನ್ ಆಗುವಾಗ ಕೆಳಗೆ ಸಣ್ಣ ಗಾಲಿಯ ಗುರುತು ಇರ್ತದೆ. ಅಲ್ಲಿ ಎಕ್ಸಾರ್ಗ್ ಅಂತ ಆಯ್ಕೆ ಇದ್ದರೆ ಅದನ್ನು ಆರಿಸಿ ಒಳಗೆ ಹೋಗಿ, ವೇಲ್ಯಾಂಡಿನಲ್ಲಿ ಇದು ನಡೆಯುವುದಿಲ್ಲ. ಆಮೇಲೆ:

```
xinput list
xinput disable "AT Translated Set 2 keyboard"
```

ಲ್ಯಾಪ್‌ಟಾಪಿನ ಒಳಗಿನ ಕೀಬೋರ್ಡಿಗೆ ಹೆಚ್ಚಾಗಿ ಅದೇ ಹೆಸರು. ಪಟ್ಟಿಯಲ್ಲಿ ಬೇರೆ ಇದ್ದರೆ ಅದನ್ನು ಹಾಕಿ. ಮೊದಲು ಹೊರಗಿನ ಕೀಬೋರ್ಡ್ ಸಿಕ್ಕಿಸಿಟ್ಟಿರಬೇಕು, ಇಲ್ಲದಿದ್ದರೆ ಟೈಪ್ ಮಾಡಲಿಕ್ಕೆ ಎಂತದೂ ಇರುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಮತ್ತೆ ಎಚ್ಚರ ಆಗ್ತದೆ, ಹಾಗಾಗಿ ಎರಡನೇ ಸಾಲನ್ನು ಸ್ಟಾರ್ಟಪ್ ಅಪ್ಲಿಕೇಶನ್‌ಗಳಲ್ಲಿ ಸೇರಿಸಿ.

ಕುಂಬ್ಳೆ_ರಿಪೇರಿ

ಲಾಗಿನ್ ಪಾಸ್‌ವರ್ಡ್ ಕೊಡುವಲ್ಲಿ ಅದು ಎಚ್ಚರವಾಗಿಯೇ ಇರ್ತದೆ ತಮ್ಮಾ, ಅಲ್ಲಿ ಸ್ಪೇಸ್ ಓಡಿದರೆ ಎಂತ ಮಾಡ್ತೀ? ಟೀಚರ್, ಅದನ್ನು ಅಂಗಡಿಗೆ ತನ್ನಿ. ಗ್ಯಾರಂಟಿ ಮುಗಿದಿದ್ದರೆ ಬಿಚ್ಚಿ ಒಳಗಿನ ಕೀಬೋರ್ಡಿನ ಪಟ್ಟಿಯನ್ನೇ ಕಳಚಿಡುವ. ಆದರೆ ಮೊದಲು ಕೈಟ್‌ನವರನ್ನು ಕೇಳಿ, ಅವರ ಸಾಮಾನನ್ನು ಹೊರಗೆ ಬಿಚ್ಚಬಹುದಾ ಅಂತ.

ನೀರ್ಚಾಲು_ಲಿನಕ್ಸ್

ಆಟೋ ಲಾಗಿನ್ ಇಟ್ಟರೆ ಆಯ್ತಲ್ಲ ಅಣ್ಣ. ಲ್ಯಾಬಿನಲ್ಲಿ ಹೆಚ್ಚಾಗಿ ಹಾಗೆಯೇ ಇರುವುದು.

ಉಪ್ಪಳ_ಗಲ್ಫ್

ಹಾಕಿ ನೋಡಿದೆ. ಕನ್ನಡ ಬಂತು! ಮಗಳು ಕೀಗಳ ಮೇಲೆ ಪೆನ್ನಲ್ಲಿ ಬರೆದು ಸ್ಟಿಕ್ಕರ್ ಅಂಟಿಸ್ತಾ ಇದ್ದಾಳೆ. ಚೆನ್ನಾಗಿ ಅಂಟುವುದಿಲ್ಲ, ಜಾರ್ತದೆ.

ಕುಂಬ್ಳೆ_ರಿಪೇರಿ

ಮೊದಲು ಕೀಯ ಎಣ್ಣೆ ಜಿಡ್ಡು ತೆಗೆಯಿರಿ ಭಾಯ್. ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಯಲ್ಲಿ ಅದ್ದಿ ಒರೆಸಿದರೆ ಅಂಟ್ತದೆ. ಟೀಚರಿಗೂ ಇದೇ ಮಾತು: ಕಚೇರಿಯ ಕೀಬೋರ್ಡ್ ಬಂದ ಕೂಡಲೇ ಮಕ್ಕಳ ಕೈಗೆ ಕೊಡಬೇಡಿ. ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಕೀಗಳ ಟೊಪ್ಪಿ ಕಿತ್ತು ಸೋಪಿನ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು ಒಂದು ಹಗಲು ಪೂರ್ತಿ ಒಣಗಿಸಿ. ಸ್ಪೇಸ್ ಮತ್ತು ಎಂಟರ್ ಕೀಗಳ ಕೆಳಗೆ ಕಬ್ಬಿಣದ ಕಡ್ಡಿ ಇರಬಹುದು, ಎಳೆದು ಮುರಿಯಬೇಡಿ, ಅದನ್ನು ಹಾಗೆಯೇ ಬಿಟ್ಟು ಬದಿಯಿಂದ ಒರೆಸಿ. ಇಡೀ ಕೀಬೋರ್ಡನ್ನು ಮಾತ್ರ ನೀರಿಗೆ ಹಾಕಬೇಡಿ, ಮೂರು ಪದರದ ಒಳಗೆ ನೀರು ಹೊಕ್ಕರೆ ಹೊರಗೆ ಬರುವುದಿಲ್ಲ.

ಲ್ಯಾಬ್_ಟೀಚರ್

ಹೆಡ್ಮಾಷ್ಟ್ರ ಹತ್ರ ಮಾತಾಡಿ ಹೀಗೆ ಉತ್ತರ ಬರೆದಿದ್ದೇವೆ. ನಾಳೆ ಕಳುಹಿಸುವ ಮೊದಲು ಒಮ್ಮೆ ಓದಿ ಹೇಳಿ.

"ಪ್ರೀತಿಯ ಹಳೆ ವಿದ್ಯಾರ್ಥಿಗೆ, ನಿಮ್ಮ ಕಾಗದ ಓದಿ ಎಲ್ಲರಿಗೂ ಸಂತೋಷವಾಯಿತು. ಲ್ಯಾಬಿನಲ್ಲಿ ಕೀಬೋರ್ಡಿನ ಅಗತ್ಯ ನಿಜವಾಗಿಯೂ ಇದೆ. ನಮಗೆ 9 ಲ್ಯಾಪ್‌ಟಾಪಿಗೆ ಈಗಲೇ ಬೇಕು, ಮುಂದಕ್ಕೆ ಇಟ್ಟುಕೊಳ್ಳಲು 6 ಸೇರಿ ಒಟ್ಟು 15 ಯು.ಎಸ್.ಬಿ. ಕೀಬೋರ್ಡ್ ಸಾಕು. ಡೆಸ್ಕ್‌ಟಾಪುಗಳಿಗೆ ಉರುಟು ನೇರಳೆ ಪಿನ್ನಿನವು 4 ಇದ್ದರೆ ಅವೂ ಆದೀತು. ಎಡಗಡೆಯ ಶಿಫ್ಟ್ ಉದ್ದ ಇರುವ ಮಾದರಿಯನ್ನೇ ಆರಿಸಿ ಕೊಡಿ. ನಮ್ಮ ಮಕ್ಕಳು ಇನ್‌ಸ್ಕ್ರಿಪ್ಟಿನಲ್ಲಿ ಕನ್ನಡ ಟೈಪ್ ಮಾಡುವುದರಿಂದ ಪ್ರತಿಯೊಂದರಲ್ಲೂ ` ; ' [ / ಈ ಐದು ಕೀಗಳನ್ನೂ ಎರಡು ಶಿಫ್ಟುಗಳನ್ನೂ ಒಮ್ಮೆ ಒತ್ತಿ ನೋಡಲು ಕೋರುತ್ತೇವೆ. ಕೆಲಸ ಮಾಡದವುಗಳನ್ನು ದಯವಿಟ್ಟು ಅಲ್ಲಿಯೇ ಬಿಡಿ, ನಮ್ಮಲ್ಲಿ ಅವುಗಳನ್ನು ವಿಲೇವಾರಿ ಮಾಡುವುದು ಕಷ್ಟ. ಕಂಪೆನಿಯಿಂದ ಒಂದು ಪತ್ರ ಜೊತೆಗಿದ್ದರೆ ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಿಸಲು ಅನುಕೂಲ. ಉಳಿದ ಒಳ್ಳೆಯ ಕೀಬೋರ್ಡುಗಳನ್ನು ಕೊಡಲು ಮನಸ್ಸಿದ್ದರೆ ನಮ್ಮ ಜಿಲ್ಲೆಯದೇ ಇನ್ನೊಂದು ಕನ್ನಡ ಶಾಲೆ ಕೇಳಿದೆ. ಊರಿಗೆ ಬಂದಾಗ ಲ್ಯಾಬಿಗೆ ಬನ್ನಿ."

ನಿವೃತ್ತ_ಮಾಷ್ಟ್ರು

ಚೆನ್ನಾಗಿದೆ. "ಕೋರುತ್ತೇವೆ" ಬದಲು "ನೋಡುವಿರಾ" ಅಂದರೆ ಇನ್ನೂ ಹತ್ತಿರ ಆಗ್ತದೆ.

ಮುಳ್ಳೇರಿಯ_ಪಿಟಿಎ

ನಮ್ಮನ್ನು ಸೇರಿಸಿದ್ದಕ್ಕೆ ಉಪಕಾರ ಟೀಚರ್. ಮೌಸ್ ಕೇಳಲಿಲ್ಲವಲ್ಲ?

ಬೆಂಗಳೂರು_ಬದಿಯಡ್ಕ

ಒಂದು ಕೀಬೋರ್ಡ್ ಹತ್ತಿರ ಹತ್ತಿರ ಅರ್ಧ ಕಿಲೊ ತೂಗ್ತದೆ, 19 ಅಂದರೆ ಹತ್ತು ಕಿಲೊದ ಪೆಟ್ಟಿಗೆ. ಕೊರಿಯರಿಗೆ ಅವರು ದುಡ್ಡು ಹಾಕಬೇಕಾಗಿಲ್ಲ. ನಾನು ಮುಂದಿನ ವಾರ ಕಣ್ಣೂರು ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಬರ್ತಿದ್ದೇನೆ, ಅವರು ಸ್ಟೇಶನ್ನಿಗೆ ತಂದುಕೊಟ್ಟರೆ ಕಾಸರಗೋಡಿನಲ್ಲಿ ಇಳಿಸ್ತೇನೆ. ವಯರನ್ನು ಬಿಗಿಯಾಗಿ ಮಡಚಿ ಕಟ್ಟಬೇಡಿ ಅಂತ ಹೇಳಿ, ಬುಡದಲ್ಲಿ ಕಡೀತದೆ.

ಲ್ಯಾಬ್_ಟೀಚರ್

ತುಂಬಾ ಉಪಕಾರ ಸರ್. ಮೌಸಿನದ್ದೂ ಒಂದು ಸಾಲು ಸೇರಿಸ್ತೇನೆ. ನಿಮ್ಮ ಟ್ರೇನು ಯಾವ ದಿನ ಅಂತ ನನಗೆ ಖಾಸಗಿ ಸಂದೇಶದಲ್ಲಿ ತಿಳಿಸಿ, ಅದನ್ನೂ ಕಾಗದದಲ್ಲೇ ಬರೆದು ಬಿಡುವ.